‘ಅಣ್ಣಾ ಸ್ವಲ್ಪ ಹಾಕಿದೀನಿ ನೋಡಿ’: ಸಪ್ಲೈಯರ್‌ಗೆ ಕಳಿಸೋ ಪೇಮೆಂಟ್ ಮೆಸೇಜನ್ನು ಸ್ಪಷ್ಟವಾಗಿ ಬರೆಯೋದು ಹೇಗೆ?

ಪೇಟೆಬೀದಿ

ಹಾಸನ ಕಡೆಯ ಒಂದು ಕಿರಾಣಿ ಅಂಗಡಿಯ ಲೆಕ್ಕ ನೋಡ್ಕೋತಿದೀನಿ. ಮಾಲೀಕರು ಮಂಡಿಯವರಿಗೆ ವಾಟ್ಸಾಪ್‌ನಲ್ಲಿ ಬಾಯಿಗೆ ಬಂದ ಹಾಗೆ ಮೆಸೇಜ್ ಹಾಕ್ತಾರೆ. ತಿಂಗಳ ಕೊನೆಗೆ ಎರಡು ಕಡೆ ಲೆಕ್ಕ ಕೂಡೋದೇ ಇಲ್ಲ. ಈ ತಿಂಗಳು ಹೋಗಿರೋ ಮೂರು ಮೆಸೇಜ್ ಇವು:

1. ‘ಅಣ್ಣಾ ಸ್ವಲ್ಪ ಹಾಕಿದೀನಿ ನೋಡಿ, ಬಾಕಿದು ಮುಂದಿನ ವಾರ ನೋಡೋಣ’
2. ‘ಎರಡು ಬ್ಯಾಗ್ ಹರಿದಿತ್ತಲ್ಲ, ಅದು ಕಳ್ಕೊಂಡ್ಬಿಡಿ’
3. ‘ಬೇಳೆದು ಚೆಕ್ ಕೊಡ್ತೀನಿ, ಹಾಕೋ ಮುಂಚೆ ಒಂದ್ಮಾತು ಹೇಳಿ’

ಹಿಂದಿರೋ ಲೆಕ್ಕ ಹೀಗಿದೆ. ಬಿಲ್ 412, 03-06-2025: ಅಕ್ಕಿ 26 ಕೆಜಿ ಬ್ಯಾಗ್ 40, ಒಂದಕ್ಕೆ ₹1,430, ಒಟ್ಟು ₹57,200. ಬಿಲ್ 431, 14-06-2025: ತೊಗರಿಬೇಳೆ 50 ಕೆಜಿ ಚೀಲ 6, ಒಂದಕ್ಕೆ ₹5,500, ಒಟ್ಟು ₹33,000. ಜೂನ್ 18ಕ್ಕೆ ಯುಪಿಐನಲ್ಲಿ ₹40,000 ಹೋಗಿದೆ. ಹರಿದ ಎರಡು ಬ್ಯಾಗಲ್ಲಿ ಒಂದು ವಾಪಸ್ ಕಳಿಸಿದ್ದು, ಇನ್ನೊಂದರಲ್ಲಿ 4 ಕೆಜಿ ಕಮ್ಮಿ. ನಮ್ಮ ಲೆಕ್ಕದಲ್ಲಿ ಬಾಕಿ ₹48,550. ಮಂಡಿಯವರು ₹56,400 ಅಂತಾರೆ. ಈ ಮೆಸೇಜುಗಳನ್ನ ಹೇಗೆ ಬರೆದಿದ್ರೆ ಇದು ತಪ್ತಿತ್ತು?

ಉದ್ರಿಪುಸ್ತಕ

ಗಿರಾಕಿಗಳಿಗೆ ಉದ್ರಿ ಕೊಡೋವಾಗಲೇ ಫೋನ್ ನಂಬರ್, ತಾರೀಕು ಬರೆಸ್ಕೊಳ್ಳಿ. ಸಂಬಳ ಆಗೋ 1ರಿಂದ 5ನೇ ತಾರೀಕಿನೊಳಗೆ ಜ್ಞಾಪಿಸಿದ್ರೆ ಹಣ ಬರುತ್ತೆ, 10 ದಾಟಿದ್ರೆ ಖರ್ಚಾಗಿರುತ್ತೆ. ಮೆಸೇಜಿಗಿಂತ ಫೋನ್ ಮಾಡೋದೇ ಮೇಲು.

ಪೇಟೆಬೀದಿ

@ಉದ್ರಿಪುಸ್ತಕ ಇದು ಗಿರಾಕಿಗಳಿಂದ ಬರಬೇಕಾದ ಬಾಕಿ ಅಲ್ಲ. ಅಂಗಡಿಯವರು ಮಂಡಿಗೆ ಕೊಡಬೇಕಾದ್ದು.

ಮಂಡಿ_ಲೆಕ್ಕ

ಮೊದಲು ವ್ಯತ್ಯಾಸ ಎಲ್ಲಿಂದ ಬಂತು ನೋಡೋಣ. 56,400ರಲ್ಲಿ 48,550 ಕಳೆದರೆ 7,850. ಹರಿದ ಬ್ಯಾಗಿನ ಲೆಕ್ಕ 1,430 ಮತ್ತು 4 ಕೆಜಿಗೆ 55ರಂತೆ 220, ಅಂದರೆ 1,650. ಅದನ್ನ ತೆಗೆದರೆ ಉಳಿಯೋದು ಸರಿಯಾಗಿ 6,200. ಇಂಥ ದುಂಡು ಸಂಖ್ಯೆ ಉಳಿದರೆ ಹೆಚ್ಚಾಗಿ ಅದು ಹಳೇ ಬಾಕಿ. ಅವರ ಖಾತೆಯ ಮೊದಲ ಸಾಲಿನಲ್ಲಿ ‘ಓಪನಿಂಗ್ ಬ್ಯಾಲೆನ್ಸ್’ ಅಂತ ₹6,200 ಇದೆಯಾ ಕೇಳಿ.

ಪೇಟೆಬೀದಿ

ಕೇಳಿದೆ. ಇದೆ! ಹೋದ ವರ್ಷ ಮಾರ್ಚಿನದು ಅಂತಾರೆ. ನಮ್ಮ ಮಾಲೀಕರು ಅದು ಆಗಲೇ ನಗದು ಕೊಟ್ಟು ಮುಗಿಸಿದ್ದು ಅಂತಾರೆ. ರಸೀದಿ ಇಲ್ಲ.

ಮಂಡಿ_ಲೆಕ್ಕ

ಹಾಗಾದರೆ ನಿಮ್ಮ ₹40,000 ಬಂದಾಗ ಅವರ ಗುಮಾಸ್ತರು ಮೊದಲು 6,200 ಹಳೇ ಬಾಕಿಗೆ ಮುರಿದು, ಮಿಕ್ಕ 33,800 ಬಿಲ್ 412ಕ್ಕೆ ಹಾಕಿದ್ದಾರೆ. ಅವರ ಪುಸ್ತಕದಲ್ಲಿ 412ರ ಬಾಕಿ 23,400, ನಿಮ್ಮ ಪುಸ್ತಕದಲ್ಲಿ 15,550. ಅವರು ಮೋಸ ಮಾಡಿದ್ದಾರೆ ಅಂತಲ್ಲ. ‘ಸ್ವಲ್ಪ ಹಾಕಿದೀನಿ’ ಅಂದರೆ ಯಾವ ಬಿಲ್ಲಿಗೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಭಾರತೀಯ ಒಪ್ಪಂದ ಕಾಯ್ದೆ 1872ರ ಕಲಂ 59 ಮತ್ತು 60 ಹೇಳೋದೇ ಇದನ್ನ. ಹಣ ಕೊಡುವವನು ‘ಇದು ಇಂಥ ಬಾಕಿಗೆ’ ಅಂತ ಹೇಳಿ ಕೊಟ್ಟು, ಪಡೆಯುವವನು ಅದನ್ನ ತಗೊಂಡರೆ, ಅದೇ ಬಾಕಿಗೆ ಜಮಾ ಮಾಡಬೇಕು. ಹೇಳದೇ ಕೊಟ್ಟು, ಸಂದರ್ಭದಿಂದಲೂ ಗೊತ್ತಾಗದಿದ್ದರೆ, ಆಯ್ಕೆ ಪಡೆಯುವವನದು. ಕೋರ್ಟಿಗೆ ಹೋಗೋ ಅವಧಿ ಮುಗಿದ ಹಳೇ ಬಾಕಿಗೂ ಅವನು ಹಾಕ್ಕೋಬಹುದು. ಹಾಗಾಗಿ ಮೊತ್ತ, ತಾರೀಕಿಗಿಂತ ಮುಂಚೆ ಮೆಸೇಜಿನಲ್ಲಿ ಇರಬೇಕಾದ್ದು ಬಿಲ್ ನಂಬರು. ಅದೂ ಹಣದ ಜೊತೆಗೇ ಹೋಗಬೇಕು. ವಾರ ಕಳೆದು ಹೇಳಿದರೆ ಅವರು ಆಗಲೇ ಜಮಾ ಮಾಡಿರ್ತಾರೆ.

ಮೊದಲ ಎರಡು ಮೆಸೇಜ್ ಸೇರಿಸಿ ಹೀಗೆ ಬರೆಯಬಹುದಿತ್ತು:

> ನಮಸ್ಕಾರ ಅಣ್ಣಾ.
> ಇವತ್ತು 18-06-2025, ಯುಪಿಐನಲ್ಲಿ ₹40,000 (ನಲವತ್ತು ಸಾವಿರ) ಹಾಕಿದ್ದೀನಿ. ಯುಟಿಆರ್ ನಂಬರ್: (12 ಅಂಕಿ ಪೂರ್ತಿ).
> ಇದು ಬಿಲ್ 412ಕ್ಕೆ (03-06, ₹57,200) ಮಾತ್ರ.
> ಇದೇ ಬಿಲ್ಲಿನಲ್ಲಿ ವಾಪಸ್ ಬಂದ 1 ಬ್ಯಾಗ್ ₹1,430 ಮತ್ತು ತೂಕ ಕಮ್ಮಿ 4 ಕೆಜಿ ₹220, ಒಟ್ಟು ₹1,650 ಕಳೀಬೇಕು ಅಂತ ಕೇಳ್ತಿದ್ದೀನಿ.
> ನೀವು ಒಪ್ಪಿದರೆ 412ರ ಬಾಕಿ ₹15,550. ಒಪ್ಪದಿದ್ದರೆ ₹17,200.
> ಈ ಬಾಕಿ 25-06-2025 ಬುಧವಾರ ಸಂಜೆ 6ರೊಳಗೆ ಹಾಕ್ತೀನಿ.
> ಬಿಲ್ 431 (14-06, ₹33,000): 05-07-2025 ಶನಿವಾರದ ಚೆಕ್ ಕೊಡ್ತೀನಿ.
> ಲೆಕ್ಕ ಸರಿ ಇದ್ರೆ ದಯವಿಟ್ಟು ‘ಸರಿ’ ಅಂತ ಹಾಕಿ.

ಕಳೆಯೋ ಮೊತ್ತವನ್ನ ‘ಕೇಳ್ತಿದ್ದೀನಿ’ ಅಂತ ಬರೆದು, ಒಪ್ಪಿದರೆ ಎಷ್ಟು, ಒಪ್ಪದಿದ್ದರೆ ಎಷ್ಟು ಅಂತ ಎರಡನ್ನೂ ಕೊಟ್ಟಿರೋದು ಗಮನಿಸಿ. ಅವರು ಒಪ್ಪೋ ಮುಂಚೆಯೇ ನೀವು ಕಳೆದುಬಿಟ್ಟರೆ ನಿಮ್ಮ ಬಾಕಿಯೂ ಅವರ ಬಾಕಿಯೂ ಎಂದೂ ಸೇರಲ್ಲ. ಇಲ್ಲಿ ಎರಡೂ 25 ಕೆಜಿಗಿಂತ ದೊಡ್ಡ ಚೀಲ, ಜಿಎಸ್‌ಟಿ ಇಲ್ಲ, ಹಾಗಾಗಿ ಮಾತಲ್ಲೇ ಮುಗಿಯುತ್ತೆ. ಜಿಎಸ್‌ಟಿ ಇರೋ ಮಾಲು ವಾಪಸಾದರೆ ಅವರಿಂದ ಕ್ರೆಡಿಟ್ ನೋಟ್ ಬರಬೇಕು, ಅದರ ನಂಬರನ್ನೂ ಮೆಸೇಜಿನಲ್ಲಿ ಹಾಕಿ.

ಹುಬ್ಳಿ_ಹೋಲ್‌ಸೇಲ್

ಮಾಲ್ ಕೊಡೋರ ಕಡಿಂದ ಹೇಳ್ತೀನಿ. ದಿನಾ ಅರವತ್ತು ಎಪ್ಪತ್ತು ಅಂಗಡಿಯವರ ರೊಕ್ಕ ಬರ್ತಾವು. ಯುಪಿಐದಾಗ ಬರೋ ಹೆಸರು ಅಂಗಡಿದ ಇರೂದಿಲ್ಲ, ಮಾಲೀಕರ ಮಗಂದೋ ಹೆಂಡ್ತಿದೋ ಇರ್ತೈತಿ. ಮೆಸೇಜ್‌ನ್ಯಾಗ ಅಂಗಡಿ ಹೆಸರು, ಊರು, ಯಾರ ಖಾತೆಯಿಂದ ಹಾಕೀರಿ ಅನ್ನೋದು ಇರ್ಲಿ ಅಣ್ಣಾರ. ಅದಿಲ್ಲಂದ್ರ ರೊಕ್ಕ ಸಸ್ಪೆನ್ಸ್ ಖಾತೆದಾಗ ಕುಂದರ್ತೈತಿ, ನಿಮ್ಮ ಬಾಕಿ ಹಂಗ ಕಾಣ್ತೈತಿ.

ಸ್ಕ್ರೀನ್‌ಶಾಟ್ ಒಂದ ಕಳಿಸಿ ಬಿಡಬ್ಯಾಡ್ರಿ. ಚಿತ್ರದಾಗಿನ ನಂಬರ್ ಹುಡುಕಾಕ ಬರೂದಿಲ್ಲ. ಟೈಪ್ ಮಾಡಿದ್ರ ಗುಮಾಸ್ತ ಕಾಪಿ ಮಾಡಿ ಬ್ಯಾಂಕ್ ಸ್ಟೇಟ್‌ಮೆಂಟ್‌ನ್ಯಾಗ ಹುಡುಕ್ತಾನ. ಮತ್ತ ‘ಪ್ರೊಸೆಸಿಂಗ್’ ಅಂತ ತೋರಿಸ್ತಿರುವಾಗ ‘ಹಾಕೇನಿ’ ಅಂತ ಬರೀಬ್ಯಾಡ್ರಿ. ಅದು ತಿರುಗಿ ನಿಮ್ಮ ಖಾತೆಗೆ ಹೋದ್ರ ಮಾತು ಸುಳ್ಳಾಗ್ತೈತಿ.

ಕಾಯ್ದೆಕಣ್ಣು

ಇಷ್ಟೆಲ್ಲ ತಾರೀಕು ಬರೆದು ಸಿಕ್ಕಿಹಾಕೊಳ್ಳೋದು ಯಾಕೆ? ಮೊದಲನೇದಾಗಿ ವಾಟ್ಸಾಪ್ ಮೆಸೇಜಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಎರಡನೇದು, 45 ದಿನದೊಳಗೆ ಪೇಮೆಂಟ್ ಮಾಡಲೇಬೇಕು ಅಂತ ಕಾನೂನೇ ಇದೆ. ಇಲ್ಲಾಂದ್ರೆ ಆ ಖರೀದಿಯನ್ನ ಆ ವರ್ಷ ಖರ್ಚು ಅಂತ ಆದಾಯ ತೆರಿಗೆಯಲ್ಲಿ ಒಪ್ಪಲ್ಲ. 45 ದಿನ ಅಂತ ಇಟ್ಕೊಂಡ್ರೆ ಸಾಕು, ಬೇರೆ ತಾರೀಕು ಬೇಡ.

ಮಂಡಿ_ಲೆಕ್ಕ

@ಕಾಯ್ದೆಕಣ್ಣು 45 ದಿನದ ಮಾತು ಅರ್ಧ ಸರಿ. ಆದಾಯ ತೆರಿಗೆ ಕಾಯ್ದೆ 1961ರ 43B(h) ನೀವು ಹೇಳ್ತಿರೋದು. ಮುಂಚೆಯೇ ಬರಹದಲ್ಲಿ ಅವಧಿ ಒಪ್ಪಿಕೊಂಡಿದ್ದರೆ ಮಾತ್ರ ಗರಿಷ್ಠ 45 ದಿನ. ಬರಹ ಇಲ್ಲದಿದ್ದರೆ 15 ದಿನ. ಅದೂ ಸಪ್ಲೈಯರ್ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆ ಅಂತ ಉದ್ಯಮ್ ನೋಂದಣಿ ಮಾಡಿಸಿದ್ದರೆ. ಬರೀ ಕೊಂಡು ಮಾರೋ ವ್ಯಾಪಾರಿಗಳಿಗೆ ಆ ನೋಂದಣಿ ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ ಅಂತ 2021ರಲ್ಲೇ ಕೇಂದ್ರ ಸರ್ಕಾರ ಹೇಳಿದೆ. ಅಂದರೆ ಪೇಟೆಬೀದಿಯವರ ಮಂಡಿಗೆ ಇದು ತಾಗಲ್ಲ. ನೇರ ಅಕ್ಕಿ ಗಿರಣಿಯಿಂದಲೋ ಬೇಳೆ ಮಿಲ್ಲಿನಿಂದಲೋ ತಗೊಂಡರೆ ತಾಗಬಹುದು. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಇದೆಯಾ ನೋಡಿ, ಇದ್ದರೆ ಆಡಿಟರನ್ನ ಕೇಳಿ.

ವಾಟ್ಸಾಪಿಗೆ ಬೆಲೆ ಇಲ್ಲ ಅನ್ನೋದು ಮಾತ್ರ ತಪ್ಪು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000 ಬಂದಾಗಿನಿಂದ ಎಲೆಕ್ಟ್ರಾನಿಕ್ ದಾಖಲೆಯನ್ನ ಸಾಕ್ಷ್ಯವಾಗಿ ತಗೋತಾರೆ, ಪ್ರಮಾಣಪತ್ರ ಲಗತ್ತಿಸಬೇಕು ಅಷ್ಟೆ. ಅದಕ್ಕಿಂತ ಮುಖ್ಯ, ಶೇಕಡಾ ತೊಂಬತ್ತು ಜಗಳ ಕೋರ್ಟಿಗೆ ಹೋಗಲ್ಲ, ಮಂಡಿಯ ಗಲ್ಲಾ ಮುಂದೆ ನಿಂತು ಮುಗಿಯುತ್ತೆ. ಅಲ್ಲಿ ಫೋನ್ ತೆಗೆದು ತೋರಿಸೋಕೆ ಒಂದು ಮೆಸೇಜ್ ಇರಬೇಕು.

ಅಕೌಂಟ್ಸ್_ಮೇಡಂ

ವಾಟ್ಸಾಪ್ ಬಗ್ಗೆ ಒಂದೆರಡು ವಿಷಯ ಸೇರಿಸ್ತೀನಿ. ಆ ಚಾಟ್‌ನಲ್ಲಿ ತಾನಾಗೇ ಅಳಿಸಿಹೋಗೋ ಸೆಟ್ಟಿಂಗ್ ಆನ್ ಇದೆಯಾ ನೋಡಿ. ಎಷ್ಟೋ ಫೋನಲ್ಲಿ 90 ದಿನಕ್ಕೆ ಇಟ್ಟಿರ್ತಾರೆ, ವರ್ಷದ ಕೊನೆ ಲೆಕ್ಕಕ್ಕೆ ಏನೂ ಸಿಗಲ್ಲ. ಕಳಿಸಿದ ಮೆಸೇಜನ್ನ 15 ನಿಮಿಷದೊಳಗೆ ತಿದ್ದಬಹುದು, ತಿದ್ದಿದ್ದು ‘ಎಡಿಟೆಡ್’ ಅಂತ ಕಾಣುತ್ತೆ. ಮೊತ್ತ ತಪ್ಪಾಗಿದ್ರೆ ತಿದ್ದಬೇಡಿ. ‘ಮೇಲಿನ ಮೆಸೇಜಿನಲ್ಲಿ ಮೊತ್ತ ತಪ್ಪು, ಸರಿಯಾದ್ದು ₹15,550’ ಅಂತ ಹೊಸದಾಗಿ ಹಾಕಿ. ಅವರು ಹಳೇ ಮೊತ್ತ ಓದಿ ಪುಸ್ತಕದಲ್ಲಿ ಬರ್ಕೊಂಡಿರ್ತಾರೆ. ‘ಸರಿ’ ಅಂತ ಹೇಳೋಕೆ ಅವರು ಬರೀ 👍 ಒತ್ತಿದ್ರೆ ‘ನೋಡಿದೀನಿ’ ಅಂತಲೋ ‘ಒಪ್ಪಿದೀನಿ’ ಅಂತಲೋ ಗೊತ್ತಾಗಲ್ಲ, ಪದದಲ್ಲೇ ಬರೆಸಿ.

ಮೂರನೇ ಮೆಸೇಜ್ ತುಂಬಾ ಅಪಾಯದ್ದು. ‘ಹಾಕೋ ಮುಂಚೆ ಒಂದ್ಮಾತು ಹೇಳಿ’ ಅಂದ್ರೆ ಖಾತೆಯಲ್ಲಿ ದುಡ್ಡಿಲ್ಲ ಅಂತ ನೀವೇ ಹೇಳಿದ ಹಾಗೆ. ಅವರು ಹೇಳದೇ ಹಾಕಿದ್ರೂ ನೀವು ಏನೂ ಮಾಡೋಕಾಗಲ್ಲ, ಚೆಕ್ ಮೇಲಿನ ತಾರೀಕೇ ಲೆಕ್ಕ. ಬೌನ್ಸ್ ಆದ್ರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಅವರು ನೋಟಿಸ್ ಕೊಡಬಹುದು. ನೋಟಿಸ್ ತಲುಪಿದ 15 ದಿನದೊಳಗೆ ಕೊಡದಿದ್ರೆ ಕಲಂ 138ರ ಕೇಸು. ಹೀಗೆ ಬರೆಯಿರಿ:

> ಬಿಲ್ 431ರ ₹33,000ಕ್ಕೆ ಚೆಕ್ ನಂ. ______, ತಾರೀಕು 05-07-2025, ಇವತ್ತು ನಿಮ್ಮ ಲೈನ್ ಹುಡುಗನ ಕೈಗೆ ಕೊಟ್ಟಿದ್ದೀನಿ. ಇದು ಬಿಲ್ 431ಕ್ಕೆ ಮಾತ್ರ. 05-07ರಿಂದ ಬ್ಯಾಂಕಿಗೆ ಹಾಕಬಹುದು. ಅದಕ್ಕೂ ಮುಂಚೆ ನಾನು ಯುಪಿಐನಲ್ಲಿ ಕೊಟ್ಟರೆ ಈ ಚೆಕ್ ವಾಪಸ್ ಕೊಡಿ.

05-07 ಮೊದಲನೇ ಶನಿವಾರ, ಬ್ಯಾಂಕ್ ಇರುತ್ತೆ. ಅವತ್ತು ಹಾಕಿದ ಚೆಕ್ ಸೋಮವಾರ ನಿಮ್ಮ ಖಾತೆಗೆ ಬರುತ್ತೆ ಅಂದ್ಕೊಂಡು ಭಾನುವಾರದ ವ್ಯಾಪಾರದ ದುಡ್ಡನ್ನ ನಂಬಬೇಡಿ, ಶುಕ್ರವಾರ ಸಂಜೆಗೇ ಖಾತೆಯಲ್ಲಿ ಇಟ್ಟಿರಿ.

ಹುಬ್ಳಿ_ಹೋಲ್‌ಸೇಲ್

ಚೆಕ್ ಕೊಟ್ಟಾದ ಮ್ಯಾಲೆ ಅದೇ ಬಿಲ್ಲಿಗೆ ಹತ್ತು ಸಾವಿರ ಯುಪಿಐ ಹಾಕ್ತಾರ, ಚೆಕ್ ಹಂಗ ನಮ್ಮ ಕಡೆ ಇರ್ತೈತಿ. ಆಮ್ಯಾಲೆ ಎರಡೂ ಕಡೆ ತ್ರಾಸ.

ಅಕೌಂಟ್ಸ್_ಮೇಡಂ

ಹೌದು. ಹಾಗೆ ಮಧ್ಯೆ ಸ್ವಲ್ಪ ಹಣ ಬಂದಿದ್ರೆ ಅದನ್ನ ಚೆಕ್ ಮೇಲೆ ಬರೆದು ನಮೂದಿಸಬೇಕು, ಇಲ್ಲದೇ ಪೂರ್ತಿ ಮೊತ್ತಕ್ಕೆ ಹಾಕಿ ಬೌನ್ಸ್ ಆದ್ರೆ 138 ನಿಲ್ಲಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂಗಡಿ ಮಟ್ಟದಲ್ಲಿ ಸುಲಭದ ದಾರಿ ಹಳೇ ಚೆಕ್ ವಾಪಸ್ ತಗೊಂಡು ಉಳಿದ ಮೊತ್ತಕ್ಕೆ ಹೊಸದು ಕೊಡೋದು. ವಾಪಸ್ ತಗೊಂಡಿದ್ದನ್ನೂ ಒಂದು ಸಾಲು ಬರೆದು ಹಾಕಿ.

ಉದ್ರಿಪುಸ್ತಕ

ಈಗ ಅರ್ಥ ಆಯ್ತು, ನಾನು ಪ್ರಶ್ನೆ ತಪ್ಪಾಗಿ ಓದಿದ್ದೆ. ಆದ್ರೆ ಒಂದು ಸಂದೇಹ. ಬುಧವಾರ ಸಂಜೆ 6 ಅಂತ ಬರೆದು ಆ ದಿನ ದುಡ್ಡು ಆಗದಿದ್ರೆ? ‘ಮುಂದಿನ ವಾರ’ ಅಂದಿದ್ರೆ ಕೊಂಚ ಜಾಗ ಇರುತ್ತಲ್ವಾ?

ಮಂಡಿ_ಲೆಕ್ಕ

ಆ ಜಾಗ ನಿಮಗೆ ಮಾತ್ರ ಕಾಣೋದು. ಬುಧವಾರ ‘ಮುಂದಿನ ವಾರ’ ಅಂದರೆ ಅವರು ಸೋಮವಾರ ಬೆಳಿಗ್ಗೆ ಫೋನ್ ಮಾಡ್ತಾರೆ, ನೀವು ಶನಿವಾರ ಅಂದ್ಕೊಂಡಿರ್ತೀರಿ. ರಾತ್ರಿ 11ಕ್ಕೆ ‘ನಾಳೆ’ ಅಂತ ಕಳಿಸಿ, ಅವರು ಬೆಳಿಗ್ಗೆ ಓದಿದರೂ ಇದೇ ಕಥೆ. ‘ಹಬ್ಬ ಆದ್ಮೇಲೆ’ ಅಂತೂ ಬೇಡವೇ ಬೇಡ. ತಾರೀಕು ಮತ್ತು ವಾರ ಎರಡೂ ಬರೆಯಿರಿ, ಒಂದು ತಪ್ಪಾಗಿದ್ದರೆ ಇನ್ನೊಂದರಿಂದ ಗೊತ್ತಾಗುತ್ತೆ. ತಾರೀಕು ಇಡೋವಾಗ ವ್ಯಾಪಾರದ ಹಣ ಬರೋ ದಿನಕ್ಕಿಂತ ಎರಡು ದಿನ ಆಚೆಗೆ ಇಡಿ. ಜಾಗ ಬೇಕಿದ್ದರೆ ಅಲ್ಲಿ ಇಟ್ಟುಕೊಳ್ಳಿ.

ಆಗಲ್ಲ ಅಂತ ಗೊತ್ತಾದರೆ ಹಿಂದಿನ ದಿನವೇ ಹೇಳಬೇಕು. ಬುಧವಾರ ಸಂಜೆ 6 ದಾಟಿದ ಮೇಲೆ ಬರೆದರೆ ಅದು ಬರೀ ಸಬೂಬು. ಮಂಗಳವಾರವೇ ಬರೆದರೆ ಅವರು ತಮ್ಮ ಮೇಲಿನವರಿಗೆ ಕೊಡೋದನ್ನ ಹೊಂದಿಸ್ಕೋತಾರೆ:

> ಅಣ್ಣಾ, ನಾಳೆ 25-06 ಬುಧವಾರ ₹15,550 ಅಂತ ಹೇಳಿದ್ದೆ. ನಾಳೆ ₹8,000 ಮಾತ್ರ ಆಗುತ್ತೆ. ಉಳಿದ ₹7,550 28-06 ಶನಿವಾರ ಯುಪಿಐನಲ್ಲಿ ಹಾಕ್ತೀನಿ. ಎರಡೂ ಬಿಲ್ 412ಕ್ಕೆ. ಬಿಲ್ 431ರ ಚೆಕ್ ತಾರೀಕಿನಲ್ಲಿ ಬದಲಾವಣೆ ಇಲ್ಲ.

28-06 ನಾಲ್ಕನೇ ಶನಿವಾರ, ಬ್ಯಾಂಕ್ ರಜೆ, ಅದಕ್ಕೇ ‘ಯುಪಿಐನಲ್ಲಿ’ ಅಂತ ಹಾಕಿದ್ದು. ಕೊನೆಯ ಸಾಲೂ ಇರಲೇಬೇಕು. ಒಂದು ತಾರೀಕು ಮುಂದೆ ಹೋದರೆ ಇನ್ನೊಂದೂ ಹೋಯ್ತು ಅಂತ ಅವರು ಅಂದ್ಕೋತಾರೆ.

ಇನ್ನೊಂದು: ತಾರೀಕು ಮುಂದೆ ಹಾಕಿದ್ದಕ್ಕೆ ಅವರು ‘ಸರಿ’ ಅಂದರೂ ಬಿಲ್ಲಿನ ಅಡಿಯಲ್ಲಿ ಅಚ್ಚಾಗಿರೋ ಬಡ್ಡಿ ಷರತ್ತು ತಾನಾಗೇ ಬಿಟ್ಟುಹೋಗಲ್ಲ. ಬಡ್ಡಿ ಹಾಕಲ್ಲ ಅಂತಾದರೆ ಅದನ್ನೂ ಅವರ ಕೈಲಿ ಬರೆಸಿ.

ಪೇಟೆಬೀದಿ

ಮೇಲಿನ ಮೊದಲ ಮೆಸೇಜನ್ನ ‘18-06ರಂದು ಹಾಕಿದ್ದರ ಲೆಕ್ಕ’ ಅಂತ ತಿದ್ದಿ ಇವತ್ತು ಕಳಿಸಿದ್ವಿ. ಉತ್ತರ ಬಂತು: ‘ವಾಪಸ್ ಬಂದ ಬ್ಯಾಗ್ 1430 ಸರಿ. ತೂಕ ಕಮ್ಮಿ ಒಪ್ಪಲ್ಲ, ಲೋಡ್ ಮಾಡುವಾಗ ಸರಿ ಇತ್ತು. ಹಳೇದು 6200 ಏನ್ಮಾಡ್ತೀರಿ?’ ಈಗ ಏನು ಬರೀಬೇಕು?

ಮಂಡಿ_ಲೆಕ್ಕ

ಅವರು ಒಪ್ಪಿದ್ದರ ಮೇಲೆ ಲೆಕ್ಕ ಮುಂದುವರಿಸಿ. 17,200ರಲ್ಲಿ 1,430 ಹೋದರೆ 15,770. ‘ಬಿಲ್ 412ರ ಬಾಕಿ ₹15,770, 25-06 ಬುಧವಾರ ಹಾಕ್ತೀನಿ. ₹220 ಬಗ್ಗೆ ಮುಂದಿನ ಲೋಡ್ ಬಂದಾಗ ಮಾತಾಡೋಣ’ ಅಂತ ಬರೆಯಿರಿ. ಮುಂದಿನ ಸಲ ಹರಿದ ಬ್ಯಾಗ್ ಕಂಡರೆ ಆಟೋದವರು ಇರುವಾಗಲೇ ತೂಕಕ್ಕಿಟ್ಟು, ಕಾಟಾದ ಅಂಕಿ ಕಾಣೋ ಹಾಗೆ ಫೋಟೋ ತೆಗೆದು, ಬಿಲ್ಲಿನ ಪ್ರತಿಯ ಮೇಲೆ ‘1 ಬ್ಯಾಗ್ 22 ಕೆಜಿ’ ಅಂತ ಬರೆಸಿ ಅವರ ಸಹಿ ತಗೊಳ್ಳಿ. ಮಾರನೇ ದಿನ ಹೇಳಿದ ತೂಕವನ್ನ ಯಾವ ಮಂಡಿಯವರೂ ಒಪ್ಪಲ್ಲ.

6,200ದು ಎಚ್ಚರಿಕೆಯಿಂದ ಬರೆಯಬೇಕು. ‘ಅದು ಆಮೇಲೆ ನೋಡೋಣ’ ಅಂದರೆ ಬಾಕಿ ಇದೆ ಅಂತ ಒಪ್ಪಿದ ಹಾಗೆ ಓದಬಹುದು. ಕಾಲಮಿತಿ ಕಾಯ್ದೆ 1963ರ ಕಲಂ 18ರಂತೆ, ಅವಧಿ ಮುಗಿಯೋ ಮುಂಚೆ ಬರಹದಲ್ಲಿ ಸಹಿ ಹಾಕಿ ಬಾಕಿ ಒಪ್ಪಿಕೊಂಡರೆ ಮೂರು ವರ್ಷದ ಲೆಕ್ಕ ಹೊಸದಾಗಿ ಶುರುವಾಗುತ್ತೆ. ಬಾಕಿ ಇದೆ ಅಂತ ಒಪ್ಪಿ ‘ಈಗ ಕೊಡಲ್ಲ’ ಅಂದರೂ ಅದು ಒಪ್ಪಿಗೆಯೇ. ಹೀಗೆ ಬರೆಯಿರಿ: ‘₹6,200 ನಮ್ಮ ಪುಸ್ತಕದಲ್ಲಿ ಬಾಕಿ ಇಲ್ಲ, ನಗದು ಕೊಟ್ಟು ಮುಗಿದಿದೆ. ನಿಮ್ಮ ಖಾತೆಯ ಮಾರ್ಚ್ ಪುಟ ಕಳಿಸಿ, ನೋಡ್ತೀವಿ. ಈಗ ಹಾಕಿದ ₹40,000 ಅದಕ್ಕೆ ಅಲ್ಲ.’

ಕಾಯ್ದೆಕಣ್ಣು

ಸಹಿ ಅಂದ್ರಲ್ಲ, ವಾಟ್ಸಾಪಿನಲ್ಲಿ ಸಹಿ ಎಲ್ಲಿರುತ್ತೆ? ಹಾಗಾದ್ರೆ ಅದು ಕಲಂ 18ರ ಒಪ್ಪಿಗೆ ಆಗೋದೇ ಇಲ್ಲ.

ಮಂಡಿ_ಲೆಕ್ಕ

ಆ ವಾದ ಇದೆ, ಅದಕ್ಕೆ ಎದುರು ವಾದವೂ ಇದೆ. ವಕೀಲರಲ್ಲೇ ಒಮ್ಮತ ಇಲ್ಲ. ₹6,200ಕ್ಕೆ ಅದನ್ನ ಪರೀಕ್ಷೆ ಮಾಡೋದಕ್ಕಿಂತ ಒಪ್ಪದ್ದನ್ನ ಒಪ್ಪಿಲ್ಲ ಅಂತಲೇ ಬರೆಯೋದು ಸುಲಭ.

ಹುಬ್ಳಿ_ಹೋಲ್‌ಸೇಲ್

ನಾನಂತೂ ಇಷ್ಟು ಕಾಯ್ದೆ ಮಾತು ಮೆಸೇಜ್‌ನ್ಯಾಗ ಹಾಕೂದು ಒಪ್ಪೂದಿಲ್ಲ. ‘ಬಾಕಿ ಇಲ್ಲ’ ಅಂತ ಬರದ್ರ ಮುಂದಿನ ಲೋಡ್ ನಿಂದರಸ್ತಾರ. ಹೋಗಿ ಎದುರಿಗೆ ಕುಂತು ಖಾತೆ ನೋಡ್ರಿ. ಮುಗಿದ ಮ್ಯಾಲೆ ‘ಇವತ್ತು ಖಾತೆ ನೋಡಿ 6,200 ಹಿಂಗ ಇತ್ಯರ್ಥ ಆತು’ ಅಂತ ಒಂದು ಮೆಸೇಜ್ ಹಾಕ್ರಿ.

ಪೇಟೆಬೀದಿ

ಮಾಲೀಕರೂ ಅದನ್ನೇ ಹೇಳ್ತಿದಾರೆ, ಭಾನುವಾರ ಹೋಗ್ತಾರಂತೆ. ಅಲ್ಲಿಯವರೆಗೆ ‘₹40,000 ಬಿಲ್ 412ಕ್ಕೆ ಮಾತ್ರ, 6,200 ವಿಷಯ ಖಾತೆ ನೋಡಿದ ಮೇಲೆ, ಅದನ್ನು ಒಪ್ಪಿದ್ದೀವಿ ಅಂತಲ್ಲ’ ಅಂತ ಹಾಕಿದ್ರೆ ಸಾಕಾ?

ಮಂಡಿ_ಲೆಕ್ಕ

ಸಾಕು. 15,770 ಮತ್ತು 25-06 ಬುಧವಾರ, ಅದನ್ನೂ ಅದೇ ಮೆಸೇಜಿನಲ್ಲಿ ಸೇರಿಸಿ. ಹಾಗೇ ಭಾನುವಾರ ಹೋಗುವಾಗ ಬ್ಯಾಂಕ್ ಪಾಸ್‌ಬುಕ್ಕಿನ ಹೋದ ವರ್ಷ ಮಾರ್ಚ್, ಏಪ್ರಿಲ್ ಪುಟ ತಗೊಂಡು ಹೋಗಿ. ನಗದು ಕೊಟ್ಟಿದ್ದು ಅಂದರೆ ಅದರ ಹಿಂದಿನ ದಿನವೋ ಅವತ್ತೋ ಖಾತೆಯಿಂದ ತೆಗೆದಿರೋ ಸಾಧ್ಯತೆ ಇದೆ.